ಸ್ಲೈಡ್‌ನಿಂದ ಕ್ವಿಜ್ ತೆಗೆಯುವ ಟೂಲ್: ಪ್ರಶ್ನೆ ಚೆನ್ನ, ಕೀ ಉತ್ತರ ಮಾತ್ರ ನೋಡಿಕೊಳ್ಳಿ

ಶಿರಸಿ ಕಡೆಯ ಹೈಸ್ಕೂಲಿನಲ್ಲಿ ಹತ್ತನೇ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಪಾಠದ ಸ್ಲೈಡ್‌ಗಳನ್ನು ಹಾಕಿದರೆ ಬಹುಆಯ್ಕೆ ಪ್ರಶ್ನೆಗಳನ್ನೂ ಕೀ ಉತ್ತರವನ್ನೂ ಕೊಡುವ ಈ ಎಐ ಟೂಲನ್ನು ಕಳೆದ ಜೂನ್‌ನಿಂದ ಬಳಸುತ್ತಿದ್ದೇನೆ, ಉಚಿತ ಆವೃತ್ತಿಯನ್ನೇ. ಕನ್ನಡ ಮಾಧ್ಯಮದ ಸ್ಲೈಡ್‌ಗಳನ್ನೂ ಚೆನ್ನಾಗಿ ಓದುತ್ತದೆ.

ರಾತ್ರಿ ಊಟವಾದ ಮೇಲೆ ಒಂದು ಲೋಟ ಕಷಾಯ ಇಟ್ಟುಕೊಂಡು ಪ್ರಶ್ನೆಗಳ ಪುಟವನ್ನಷ್ಟೇ ತೆರೆಯುತ್ತೇನೆ. ಹಳೇ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಎಲ್ಲವನ್ನೂ ನಾನೇ ಬಿಡಿಸಿ, ಆಮೇಲೆ ಕೀ ನೋಡುವುದು. ಬೆಳಕಿನ ಪಾಠದಲ್ಲಿ ಈ ಅಭ್ಯಾಸವೇ ಕೈಹಿಡಿಯಿತು.

ಪ್ರಶ್ನೆ ಇದು: ನಿಮ್ನ ದರ್ಪಣದ ಸಂಗಮ ದೂರ 20 ಸೆಂ.ಮೀ., ವಸ್ತು 30 ಸೆಂ.ಮೀ. ದೂರದಲ್ಲಿದೆ, ಪ್ರತಿಬಿಂಬ ಎಲ್ಲಿ? ಕೀ ಪ್ರಕಾರ +12 ಸೆಂ.ಮೀ. ಲೆಕ್ಕ ಮಾಡದೆಯೂ ಇದು ತಪ್ಪೆಂದು ತಿಳಿಯುತ್ತದೆ. ವಸ್ತು ಸಂಗಮ ಬಿಂದುವಿಗೂ 40 ಸೆಂ.ಮೀ.ನಲ್ಲಿರುವ ವಕ್ರತಾ ಕೇಂದ್ರಕ್ಕೂ ನಡುವೆ ಇರುವಾಗ ಪ್ರತಿಬಿಂಬ ವಕ್ರತಾ ಕೇಂದ್ರದಿಂದ ಆಚೆಗೇ ಬೀಳಬೇಕು. ಸರಿಯಾದ ಉತ್ತರ −60:

```
1/v = 1/f − 1/u = −1/20 + 1/30 = −1/60
```

ಕಾರಣ ಹುಡುಕಿದೆ. ಸ್ಲೈಡ್‌ನ ಅಕ್ಷರದಲ್ಲಿ ‘f = 20’ ಎಂದಷ್ಟೇ ಇತ್ತು, ಋಣ ಚಿಹ್ನೆ ಇದ್ದದ್ದು ಕಿರಣ ಚಿತ್ರದೊಳಗೆ. ಟೂಲ್ ಚಿತ್ರ ಓದುವುದಿಲ್ಲ. ವಸ್ತು ದೂರಕ್ಕೆ ಋಣ ಹಾಕಿ, f ಅನ್ನು ಧನವಾಗಿಯೇ ಬಿಟ್ಟು, ಪೀನ ದರ್ಪಣದ ಉತ್ತರ ಕೊಟ್ಟಿತ್ತು. ಕೀ ಜೊತೆಗಿದ್ದ ವಿವರಣೆಯಲ್ಲೂ ಅಳುಕೇ ಇರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂದದ್ದು. ಅವಸರದಲ್ಲಿ ಜೆರಾಕ್ಸ್ ಮಾಡಿಸಿ ಹಂಚುವ ಶಿಕ್ಷಕರ ಕೈಯಲ್ಲಿ ಇದು ಮಕ್ಕಳ ಅಂಕ ಕಳೆಯುತ್ತದೆ.

ಚಿತ್ರದ ಕೆಳಗೆ ‘ನಿಮ್ನ ದರ್ಪಣಕ್ಕೆ f = −20 ಸೆಂ.ಮೀ.’ ಎಂದು ಟೈಪ್ ಮಾಡಿ ಮತ್ತೆ ಹಾಕಿದೆ. ಕೀ −60ಕ್ಕೆ ಬಂತು. ಈ ಸಲದ ಆಯ್ಕೆಗಳನ್ನು ನೋಡಿ ಮಾತ್ರ ಮನಸ್ಸು ತುಂಬಿತು: −60, +60, +12, −12. ಎರಡೂ ಚಿಹ್ನೆ ಮರೆತ ಮಗು +60 ಬರೆಯುತ್ತದೆ, f ಒಂದರದ್ದೇ ಮರೆತರೆ +12, u ಒಂದರದ್ದೇ ಮರೆತರೆ −12. ಯಾರು ಎಲ್ಲಿ ಎಡವಿದರು ಎಂಬುದು ಗುರುತು ಹಾಕಿದ ಆಯ್ಕೆಯಲ್ಲೇ ಸಿಗುತ್ತದೆ. ಮರುದಿನ +12 ಬರೆದವರನ್ನು ಒಟ್ಟಿಗೆ ಕೂರಿಸಿ, ನಿಮ್ನ ದರ್ಪಣದ ಸಂಗಮ ಬಿಂದು ಯಾವ ಕಡೆ ಎಂಬುದನ್ನಷ್ಟೇ ಮತ್ತೊಮ್ಮೆ ಬಿಡಿಸಿ ತೋರಿಸಿದೆ. ಇಂಥ ನಾಲ್ಕು ಆಯ್ಕೆ ಕೂಡಿಸಲು ನನಗಾದರೆ ಅರ್ಧ ತಾಸು ಬೇಕು.

ಲೆಕ್ಕದ ಪಾಠಗಳಿಗೆ ಬಳಸುತ್ತಲೇ ಇದ್ದೇನೆ, ಕೀ ಪರೀಕ್ಷಿಸಿಯೇ. ಹೃದಯದ ಚಿತ್ರದ ಭಾಗ ಗುರುತಿಸುವ ಪ್ರಶ್ನೆಗಳಿಗೆ ಇದು ಆಗಿಬರುವುದಿಲ್ಲ, ಅವನ್ನು ಕೈಯಲ್ಲೇ ಬರೆಯುತ್ತೇನೆ. ಚಿತ್ರ ಓದುವಂತಾಗುವವರೆಗೆ ದುಡ್ಡು ಕೊಟ್ಟು ಕೊಳ್ಳುವುದಿಲ್ಲ.