ಸೆಟ್ರಿಜಿನ್ ಬಿಟ್ಟು ಫೆಕ್ಸೊಫೆನಡಿನ್ ಹಿಡಿದು ಎರಡು ವರ್ಷ: ಬೆಳಗಿನ ಸೀನು, ಕಣ್ಣಿನ ತುರಿಕೆ ಮತ್ತು ತೂಕಡಿಕೆ

ನನ್ನದು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೊದಲ ಶಿಫ್ಟ್ ಕೆಲಸ. ಬೆಳಿಗ್ಗೆ ಆರಕ್ಕೆ ಮೆಷಿನ್ ಮುಂದೆ ನಿಂತಿರಬೇಕು, ಅದಕ್ಕೆ ನಾಲ್ಕೂವರೆಗೆ ಏಳಬೇಕು. ಎದ್ದು ಹೊದಿಕೆ ಮಡಚುವಾಗಲೇ ಮೊದಲ ಸೀನು ಬರುತ್ತಿತ್ತು. ಆಮೇಲೆ ಹತ್ತು, ಹದಿನೈದು, ಒಂದರ ಹಿಂದೆ ಒಂದು. ಮೂಗಿನಿಂದ ತಿಳಿನೀರು ಸೋರುತ್ತಿತ್ತು. ಕಣ್ಣಿನ ಒಳಮೂಲೆ ಮತ್ತು ಅಂಗುಳ ಎರಡೂ ತುರಿಸುತ್ತಿದ್ದವು. ಎಂಟು ಗಂಟೆ ಹೊತ್ತಿಗೆ ತಾನಾಗಿಯೇ ನಿಲ್ಲುತ್ತಿತ್ತು. ಇದನ್ನು ನಾನು ವರ್ಷಗಟ್ಟಲೆ ನೆಗಡಿ ಅಂದುಕೊಂಡಿದ್ದೆ. ನೆಗಡಿಯಾದರೆ ಗಂಟಲು ನೋವು, ಕೆಲವೊಮ್ಮೆ ಮೈ ಬಿಸಿ ಇರುತ್ತದೆ, ವಾರ ಹತ್ತು ದಿನಕ್ಕೆ ಹೋಗುತ್ತದೆ. ಹೀಗೆ ದಿನಾ ಒಂದೇ ಹೊತ್ತಿಗೆ ಬಂದು, ಕಣ್ಣು ತುರಿಸಿ, ಜ್ವರವೇ ಇಲ್ಲದೆ ಹೋಗುವುದು ಅಲರ್ಜಿ. ಅದು ಗೊತ್ತಾಗುವಷ್ಟರಲ್ಲಿ ನಾಲ್ಕು ವರ್ಷ ಕಳೆದಿತ್ತು.

ಮೊದಲು ಮೆಡಿಕಲ್ ಶಾಪಿನಲ್ಲಿ ಕೇಳಿದಾಗೆಲ್ಲ ಕೊಡುತ್ತಿದ್ದದ್ದು 'ಕೋಲ್ಡ್' ಮಾತ್ರೆ. ಅದರಲ್ಲಿ ಜ್ವರದ ಪ್ಯಾರಾಸಿಟಮಾಲ್ ಜೊತೆಗೆ ಕ್ಲೋರ್‌ಫೆನಿರಮಿನ್ ಅನ್ನುವ ಹಳೇ ಕಾಲದ ಅಲರ್ಜಿ ಔಷಧಿ ಇರುತ್ತದೆ. ಸೀನು ನಿಲ್ಲುತ್ತದೆ, ಆದರೆ ಕಣ್ಣು ಬಿಡಲು ಆಗುವುದಿಲ್ಲ. ಜ್ವರವೇ ಇಲ್ಲದವನು ಪ್ಯಾರಾಸಿಟಮಾಲ್ ಯಾಕೆ ನುಂಗಬೇಕು, ಅಲ್ವಾ? ಇದನ್ನು ದಿನಾ ತೆಗೆದುಕೊಳ್ಳುವವರು ದಯವಿಟ್ಟು ಇವತ್ತೇ ಸ್ಟ್ರಿಪ್ ತಿರುಗಿಸಿ ಹಿಂದೆ ಬರೆದದ್ದನ್ನು ಓದಿ.

ಆಮೇಲೆ ಸೆಟ್ರಿಜಿನ್ 10 ಮಿ.ಗ್ರಾಂ. ಅಗ್ಗದ ಮಾತ್ರೆ, ಎಲ್ಲ ಕಡೆ ಸಿಗುತ್ತದೆ. ಕೆಲಸವನ್ನೂ ಚೆನ್ನಾಗಿ ಮಾಡುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ರಾತ್ರಿ ಊಟ ಮಾಡಿ ಒಂಬತ್ತಕ್ಕೆ ನುಂಗಿದರೆ ಬೆಳಿಗ್ಗೆ ಹದಿನೈದು ಸೀನಿದ್ದದ್ದು ಎರಡು ಮೂರಕ್ಕೆ ಇಳಿಯುತ್ತಿತ್ತು. ಒಂದು ವರ್ಷಕ್ಕೂ ಮೇಲೆ ಹೀಗೇ ನಡೆಯಿತು. ತೂಕಡಿಕೆ ಬರುತ್ತಿತ್ತು, ಆದರೆ ಬೇಗ ಏಳುವುದಕ್ಕೆ ಹಾಗಾಗುತ್ತದೆ ಅಂತ ಸುಮ್ನೆ ಇದ್ದೆ.

ಒಂದು ಬೆಳಿಗ್ಗೆ ಶಾಫ್ಟುಗಳ ಅಳತೆ ನೋಡುತ್ತಿದ್ದೆ. ಡ್ರಾಯಿಂಗ್‌ನಲ್ಲಿ ಇದ್ದದ್ದು 18.70ರಿಂದ 18.76 ಮಿಲಿಮೀಟರ್. ನಾನು ಬರೆದದ್ದು 18.23. ಮುಂದಿನದು 18.22. ಮೂರು ಶಾಫ್ಟನ್ನು ರಿಜೆಕ್ಟ್ ಅಂತ ಕೆಂಪು ಡಬ್ಬಿಗೆ ಹಾಕಿದ್ದೆ. ಮೈಕ್ರೋಮೀಟರ್ ಅನ್ನುವ ಅಳತೆಯ ಸಾಧನ ಹಿಡಿದವರಿಗೆ ಇದು ಗೊತ್ತಿರುತ್ತದೆ: ಅದರ ಕೊಳವೆಯ ಮೇಲೆ ಒಂದೊಂದು ಮಿಲಿಮೀಟರ್ ಗೆರೆ ಒಂದು ಬದಿ, ಅರ್ಧ ಮಿಲಿಮೀಟರ್ ಗೆರೆ ಇನ್ನೊಂದು ಬದಿ. ಆ ಅರ್ಧದ ಗೆರೆ ಆಚೆ ಬಂದಿದ್ದನ್ನು ನಾನು ಮೂರು ಸಲವೂ ನೋಡಿರಲಿಲ್ಲ. ಅದಕ್ಕೇ ಅರ್ಧ ಮಿಲಿಮೀಟರ್ ಕಡಿಮೆ ಬರೆದಿದ್ದೆ, ಶಾಫ್ಟ್ ಸರಿಯಾಗಿಯೇ ಇತ್ತು. ಪಕ್ಕದ ಮೆಷಿನ್‌ನ ಹಿರಿಯರು ಬಂದು, "ಏನಪ್ಪಾ, ರಾತ್ರಿ ನಿದ್ದೆ ಆಗ್ಲಿಲ್ವಾ? ಕಣ್ಣೇ ಸೋತಿದೆ ನಿಂದು" ಅಂದರು. ಏಳು ಗಂಟೆ ನಿದ್ದೆ ಮಾಡಿದ್ದೆ. ತಿರುಗುವ ಮೆಷಿನ್ ಮುಂದೆ ಇದೇ ಮಂಪರಿನಲ್ಲಿ ಕೈ ಇಟ್ಟಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ ಅವತ್ತು ಊಟ ಸೇರಲಿಲ್ಲ. ಆ ವಾರವೇ ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ ಹೋದೆ.

ಅವರು ಹೇಳಿದ್ದು ನನಗೆ ಅರ್ಥವಾದದ್ದು ಹೀಗೆ. ಧೂಳು ತಾಗಿದಾಗ ಮೂಗಿನಲ್ಲಿ ಬಿಡುಗಡೆಯಾಗಿ ಸೀನು ತರಿಸುವುದು ಹಿಸ್ಟಮಿನ್. ಅದೇ ಹಿಸ್ಟಮಿನ್ ಮೆದುಳಿನಲ್ಲಿ ನಮ್ಮನ್ನು ಎಚ್ಚರವಾಗಿಡುತ್ತದೆ. ಮೂಗಿನಲ್ಲಿ ಅದನ್ನು ತಡೆಯುವ ಮಾತ್ರೆ ಮೆದುಳಿಗೂ ಹೋದರೆ ಅಲ್ಲೂ ತಡೆಯುತ್ತದೆ, ಮಂಪರು ಬರುತ್ತದೆ. ಕ್ಲೋರ್‌ಫೆನಿರಮಿನ್ ಮೆದುಳಿಗೆ ಸಲೀಸಾಗಿ ಹೋಗುತ್ತದೆ. ಸೆಟ್ರಿಜಿನ್ ಸ್ವಲ್ಪ ಹೋಗುತ್ತದೆ. ಫೆಕ್ಸೊಫೆನಡಿನ್ ಅನ್ನುವ ಇನ್ನೊಂದು ಅಲರ್ಜಿ ಮಾತ್ರೆ ಹೆಚ್ಚುಕಡಿಮೆ ಹೋಗುವುದೇ ಇಲ್ಲ, ರಕ್ತನಾಳದ ಗೋಡೆಯೇ ಅದನ್ನು ವಾಪಸ್ ದಬ್ಬುತ್ತದೆ. ಸೆಟ್ರಿಜಿನ್ ಎಲ್ಲರಿಗೂ ಮಂಪರು ತರುವುದಿಲ್ಲ. ನನ್ನ ಹೆಂಡತಿ ಅದನ್ನೇ ತೆಗೆದುಕೊಂಡು ಆರಾಮಾಗಿ ಇರುತ್ತಾಳೆ. ನಾನು ಮಂಪರು ಬರುವವರ ಗುಂಪಿಗೆ ಸೇರಿದವನು, ಅಷ್ಟೇ. ಲೆವೊಸೆಟ್ರಿಜಿನ್‌ಗೆ ಬದಲಿಸಲೇ ಅಂತ ಕೇಳಿದೆ. ಅದು ಸೆಟ್ರಿಜಿನ್‌ನದೇ ಒಂದು ಅರ್ಧ, ಅದರಲ್ಲೂ ಮಂಪರು ಬರುವ ಸಾಧ್ಯತೆ ಇದೆ ಅಂದರು. ಫೆಕ್ಸೊಫೆನಡಿನ್ 120 ಮಿ.ಗ್ರಾಂ ದಿನಕ್ಕೊಂದು ಅಂತ ಬರೆದುಕೊಟ್ಟರು.

ಮೊದಲ ಎರಡು ವಾರ ನನಗೆ ಸಿಟ್ಟೇ ಬಂತು. ಬೆಲೆ ಜಾಸ್ತಿ, ಸೀನು ಮಾತ್ರ ಹಾಗೇ ಇತ್ತು. ವಾಪಸ್ ಹೋಗಿ ಹೇಳಿದೆ. ಡಾಕ್ಟರು, "ಮಾತ್ರೆ ಯಾವಾಗ ತಗೋತೀರಿ, ಅದರ ಜೊತೆ ಇನ್ನೇನು ತಗೋತೀರಿ?" ಅಂತ ಕೇಳಿದರು. ನನಗೆ ಶಿಫ್ಟ್ ಕೆಲಸದಿಂದ ಹೊಟ್ಟೆ ಉರಿ. ರಾತ್ರಿ ಊಟವಾದ ಮೇಲೆ ಎರಡು ಚಮಚ ಬಿಳಿ ಆಂಟಾಸಿಡ್ ಔಷಧಿ ಕುಡಿದು, ಅದರ ಹಿಂದೆಯೇ ಮಾತ್ರೆ ನುಂಗುತ್ತಿದ್ದೆ. ತಪ್ಪು ಅಲ್ಲೇ ಇತ್ತು. ಆ ಔಷಧಿಯಲ್ಲಿರುವ ಅಲ್ಯೂಮಿನಿಯಂ, ಮೆಗ್ನೀಸಿಯಂ ಇದ್ದರೆ ಫೆಕ್ಸೊಫೆನಡಿನ್ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಿತ್ತಳೆ, ಸೇಬಿನ ಜ್ಯೂಸ್ ಜೊತೆ ತೆಗೆದುಕೊಂಡರೂ ಹಾಗೇ. ಈಗ ಊಟಕ್ಕೆ ಮುಂಚೆ ಏಳು ಗಂಟೆಗೆ ಮಾತ್ರೆ, ಬರೀ ನೀರಿನ ಜೊತೆ. ಆಂಟಾಸಿಡ್ ಬೇಕಾದರೆ ಒಂಬತ್ತರ ಮೇಲೆ. ಇಷ್ಟು ಬದಲಿಸಿದ ನಾಲ್ಕನೇ ದಿನಕ್ಕೆ ಬೆಳಗಿನ ಸೀನು ಎರಡಕ್ಕೆ ಬಂತು. ಮಂಪರು ಇರಲಿಲ್ಲ. ಎರಡು ವರ್ಷದಿಂದ ಅಳತೆಯ ಪುಸ್ತಕದಲ್ಲಿ ಆ ಥರ ತಪ್ಪು ಮತ್ತೆ ಬಂದಿಲ್ಲ.

ಬೆಳಿಗ್ಗೆ ಸೀನುವವರು ಮಾತ್ರೆಯನ್ನು ಸಂಜೆಯೇ ಯಾಕೆ ತೆಗೆದುಕೊಳ್ಳಬೇಕು ಅಂತಲೂ ಹೇಳುತ್ತೇನೆ. ಸೀನು ಶುರುವಾದ ಮೇಲೆ ನುಂಗಿದರೆ ಅದು ಕೆಲಸ ಹಿಡಿಯಲು ಒಂದೆರಡು ಗಂಟೆ ಬೇಕು. ಅಷ್ಟರಲ್ಲಿ ಬೆಳಗಿನ ಸೀನಿನ ಕಾಟ ಬಹುಪಾಲು ಮುಗಿದಿರುತ್ತದೆ. ಹಿಂದಿನ ಸಂಜೆಯೇ ಮೈಯಲ್ಲಿದ್ದರೆ ಹಿಸ್ಟಮಿನ್ ಬರುವ ಮೊದಲೇ ಬಾಗಿಲು ಹಾಕಿದಂತೆ.

ಆದರೂ ಮಾತ್ರೆ ಅರ್ಧ ಕೆಲಸ ಮಾತ್ರ. ಉಳಿದರ್ಧ ಹಾಸಿಗೆಯಲ್ಲಿತ್ತು. ಹಬ್ಬಕ್ಕೆ ಊರಿಗೆ ಹೋಗಿ ನಾಲ್ಕು ದಿನ ಚಾಪೆಯ ಮೇಲೆ ಮಲಗಿದ್ದೆ, ಮಾತ್ರೆಯನ್ನು ಇಲ್ಲೇ ಮರೆತು ಹೋಗಿದ್ದೆ. ಒಂದು ಸೀನೂ ಬರಲಿಲ್ಲ. ವಾಪಸ್ ಬಂದ ಮೊದಲ ಬೆಳಿಗ್ಗೆಯೇ ಶುರು. ನನ್ನ ದಿಂಬು ಮದುವೆಯಲ್ಲಿ ಕೊಟ್ಟದ್ದು, ಹನ್ನೊಂದು ವರ್ಷದ ಹತ್ತಿ. ಅದರ ಗವುಸು ಮಾತ್ರ ಒಗೆಯುತ್ತಿದ್ದೆವು. ಧೂಳಿನ ನುಸಿ ಅನ್ನುವ ಕಣ್ಣಿಗೆ ಕಾಣದ ಹುಳ ಇಂಥಲ್ಲೇ ಇರುತ್ತದೆ. ಅದು ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ತಿಂದು ಬದುಕುತ್ತದೆ. ಅಲರ್ಜಿ ಮುಖ್ಯವಾಗಿ ಅದರ ಹಿಕ್ಕೆಯಿಂದ. ಆ ಹಿಕ್ಕೆ ಭಾರ, ಗಾಳಿಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಹೊದಿಕೆ ಕೊಡವಿದಾಗ ಏಳುತ್ತದೆ. ನನಗೆ ಹೊದಿಕೆ ಮಡಚುವಾಗಲೇ ಸೀನು ಬರುತ್ತಿದ್ದದ್ದು ಅದಕ್ಕೇ.

ದಿಂಬು ಹೊಸದು ತಂದೆವು. ದಿಂಬಿಗೂ ಹಾಸಿಗೆಗೂ ಜಿಪ್ ಇರುವ, ಒತ್ತಾಗಿ ನೇಯ್ದ ಪೂರ್ತಿ ಮುಚ್ಚುವ ಕವರ್ ಹಾಕಿದೆವು. ಬೆಡ್‌ಶೀಟ್, ಗವುಸು, ಹೊದಿಕೆ ವಾರಕ್ಕೊಮ್ಮೆ 60 ಡಿಗ್ರಿ ನೀರಿನಲ್ಲಿ ಒಗೆಯುತ್ತೇವೆ. ತಣ್ಣೀರಿನಲ್ಲಿ ಹಿಕ್ಕೆ ಸ್ವಲ್ಪ ಹೋಗುತ್ತದೆ, ನುಸಿ ಸಾಯುವುದಿಲ್ಲ. ಹಾಸಿಗೆ ಬಿಸಿಲಿಗೆ ಹಾಕುವುದೂ ಒಳ್ಳೆಯದು, ತೇವ ಆರಿದರೆ ನುಸಿ ಬದುಕುವುದಿಲ್ಲ. ಆದರೆ ಸತ್ತ ನುಸಿ, ಹಿಕ್ಕೆ ಒಳಗೇ ಉಳಿಯುತ್ತದೆ, ಅದಕ್ಕೆ ಕವರ್ ಬೇಕೇ ಬೇಕು. ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ. ಮೂರು ತಿಂಗಳಿಗೆ ವ್ಯತ್ಯಾಸ ಕಂಡಿತು, ಮೊದಲ ವಾರದಲ್ಲಿ ಏನೂ ಕಾಣಲಿಲ್ಲ. ರೂಮಿಗೆ ಇಡುವ ಗಾಳಿ ಶುದ್ಧ ಮಾಡುವ ಮೆಷಿನ್‌ಗೆ ದುಡ್ಡು ಹಾಕಬೇಡಿ ಅಂತ ಡಾಕ್ಟರೇ ಹೇಳಿದರು. ಗಾಳಿಯಲ್ಲಿ ನಿಲ್ಲದ ಧೂಳನ್ನು ಅದು ಹಿಡಿಯುವುದು ಹೇಗೆ?

ಮಳೆಗಾಲದ ಕೊನೆಯಲ್ಲಿ ನನಗೆ ಇನ್ನೊಂದು ಕಾಟ ಬರುತ್ತದೆ. ಅದು ಮೂಗಿಗಿಂತ ಕಣ್ಣಿಗೆ ಜಾಸ್ತಿ, ಅದೂ ಬೈಕಿನಲ್ಲಿ ಮನೆಗೆ ಬರುವಾಗ. ಖಾಲಿ ಸೈಟು, ರೈಲ್ವೆ ಹಳಿ ಪಕ್ಕ ಎಲ್ಲ ಕಡೆ ಕಾಂಗ್ರೆಸ್ ಗಿಡ ಹೂಬಿಟ್ಟಿರುತ್ತದೆ. ಬೆಂಗಳೂರಿನಲ್ಲಿ ಅದರ ಪರಾಗಕ್ಕೆ ಅಲರ್ಜಿ ಇರುವವರು ಬಹಳ. ರಸ್ತೆ ಬದಿಯ ಗುಲಾಬಿ ಬಣ್ಣದ ಹೂವಿನ ಮರಗಳನ್ನು ಜನ ಬೈಯುತ್ತಾರೆ, ಆದರೆ ಅಂಥ ದೊಡ್ಡ ಹೂವಿನ ಪರಾಗವನ್ನು ಒಯ್ಯುವುದು ಹುಳಗಳು. ಗಾಳಿಯಲ್ಲಿ ತೇಲುವುದು ಹೆಚ್ಚಾಗಿ ಹುಲ್ಲು, ಇಂಥ ಕಳೆಯ ಪರಾಗ. ಆ ಎರಡು ತಿಂಗಳು ಹೆಲ್ಮೆಟ್ ಗಾಜು ಪೂರ್ತಿ ಇಳಿಸಿಕೊಂಡೇ ಬರುತ್ತೇನೆ. ಮನೆಗೆ ಬಂದ ಕೂಡಲೇ ಮುಖ ತೊಳೆದು ಅಂಗಿ ಬದಲಿಸುತ್ತೇನೆ, ದಿಂಬಿಗೆ ತಲೆ ಇಡುವ ಮುಂಚೆ ತಲೆಗೂ ನೀರು. ತುರಿಸಿದರೆ ಉಜ್ಜುವುದಿಲ್ಲ, ಉಜ್ಜಿದಷ್ಟೂ ತುರಿಕೆ ಏರುತ್ತದೆ. ತಣ್ಣೀರಲ್ಲಿ ಅದ್ದಿದ ಬಟ್ಟೆ ಹತ್ತು ನಿಮಿಷ ಕಣ್ಣ ಮೇಲೆ ಇಡುತ್ತೇನೆ. ಸಾಲದಿದ್ದರೆ ಡಾಕ್ಟರು ಕೊಟ್ಟ ಒಲೊಪಟಡಿನ್ ಹನಿ, ದಿನಕ್ಕೆರಡು ಸಲ. ಒಂದು ಎಚ್ಚರಿಕೆ: ಅಂಗಡಿಯಲ್ಲಿ ಕೇಳಿ ಸ್ಟೀರಾಯ್ಡ್ ಇರುವ ಕಣ್ಣಿನ ಹನಿ ಹಾಕಿಕೊಳ್ಳಬೇಡಿ. ತಕ್ಷಣ ಹಿತ ಅನಿಸುತ್ತದೆ, ಆದರೆ ಬಹಳ ದಿನ ಹಾಕಿದರೆ ಕಣ್ಣಿನ ಒತ್ತಡ ಏರಿ ದೃಷ್ಟಿಗೇ ಕುತ್ತು ಬರಬಹುದು.

ಫೆಕ್ಸೊಫೆನಡಿನ್‌ನಲ್ಲಿ ಕೊರತೆಯೂ ಇದೆ. ಸೀನು, ಸೋರುವುದು, ತುರಿಕೆಗೆ ಒಳ್ಳೆಯದು. ಕಟ್ಟಿದ ಮೂಗಿಗೆ ಅಷ್ಟಾಗಿ ಉಪಯೋಗವಿಲ್ಲ. ಮೂಗು ಕಟ್ಟುವವರಿಗೆ ಡಾಕ್ಟರು ಸ್ಟೀರಾಯ್ಡ್ ಸ್ಪ್ರೇ ಕೊಡುತ್ತಾರೆ, ಅದು ಪೂರ್ತಿ ಹಿಡಿಯಲು ದಿನಾ ಹಾಕಿ ಒಂದೆರಡು ವಾರ ಕಾಯಬೇಕು. ಎರಡನೇ ಕೊರತೆ ಬೆಲೆ, ನನಗೆ ಸೆಟ್ರಿಜಿನ್‌ನ ಹಲವು ಪಟ್ಟು ಬಿತ್ತು. ಜನೌಷಧಿ ಕೇಂದ್ರದಲ್ಲಿ ಕೇಳಿ ನೋಡಿ. ಕಿಡ್ನಿ ತೊಂದರೆ ಇರುವವರು, ಬಸುರಿಯರು ಯಾವ ಮಾತ್ರೆಯನ್ನೂ ತಾವಾಗಿ ಶುರು ಮಾಡಬೇಡಿ. ಉಸಿರಾಡುವಾಗ ಎದೆಯಲ್ಲಿ ಸುಯ್ ಅಂತ ಸದ್ದು ಬಂದರೆ, ಒಂದೇ ಹೊಳ್ಳೆ ಸದಾ ಕಟ್ಟಿದ್ದರೆ ಮಾತ್ರೆ ನುಂಗಿ ಕೂರದೆ ತೋರಿಸಿ.

ಸೆಟ್ರಿಜಿನ್ ಬಹಳ ತಿಂಗಳು ದಿನಾ ತೆಗೆದುಕೊಂಡವರಿಗೆ ಇನ್ನೊಂದು ಮಾತು. ಅದನ್ನು ನಿಲ್ಲಿಸಿದ ಕೆಲವು ದಿನಗಳಲ್ಲಿ ಮೈಯೆಲ್ಲ ವಿಪರೀತ ತುರಿಕೆ ಬರುವುದು ಅಪರೂಪಕ್ಕೆ ಉಂಟು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2025ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತು. ಹೊಸ ಅಲರ್ಜಿ ಬಂತು ಅಂತ ಗಾಬರಿಯಾಗದೆ ಡಾಕ್ಟರಿಗೆ ಹೇಳಿ.

ಈಗ ನಾನು ವರ್ಷಪೂರ್ತಿ ಮಾತ್ರೆ ನುಂಗುವುದಿಲ್ಲ. ಹಾಸಿಗೆ ಸರಿಯಾದ ಮೇಲೆ ಡಾಕ್ಟರನ್ನು ಕೇಳಿಯೇ ಕಡಿಮೆ ಮಾಡಿದೆ. ಕಾಂಗ್ರೆಸ್ ಗಿಡದ ಆ ಎರಡು ತಿಂಗಳು ದಿನಾ ತಪ್ಪದೆ, ಉಳಿದಂತೆ ಮನೆಗೆ ಸುಣ್ಣ ಬಣ್ಣ ಮಾಡಿಸುವಾಗ, ಅಟ್ಟದಿಂದ ಹಳೇ ಸಾಮಾನು ಇಳಿಸುವ ಹಿಂದಿನ ಸಂಜೆ. ಆ ಎರಡು ತಿಂಗಳು ಬಿಟ್ಟರೆ ಹತ್ತು ಮಾತ್ರೆಯ ಸ್ಟ್ರಿಪ್ ಎರಡು ಮೂರು ತಿಂಗಳು ಬರುತ್ತದೆ.