ಸೆಕೆಂಡ್ ಹ್ಯಾಂಡ್ ಪಾರ್ಟ್ಸಲ್ಲಿ ಜೋಡಿಸಿದ ಐ5 ಡೆಸ್ಕ್‌ಟಾಪ್: ಎರಡು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ಐ5-4570 ಪ್ರೊಸೆಸರ್, ಎಚ್81 ಬೋರ್ಡು, 4 ಜಿಬಿದು ಎರಡು ಡಿಡಿಆರ್3 ರ‍್ಯಾಮು, ಕ್ಯಾಬಿನೆಟ್ಟು, ಮಾನಿಟರು, ಎಲ್ಲಾ ಮೈಸೂರಲ್ಲೇ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಎಸ್‌ಎಸ್‌ಡಿ, ಸಿಸ್ಟಮ್ಮಿಗೆ ಕರೆಂಟ್ ಕೊಡೋ ಎಸ್‌ಎಂಪಿಎಸ್ ಮಾತ್ರ ಹೊಸದು. ಎಸ್‌ಎಂಪಿಎಸ್ ವಿಷ್ಯದಲ್ಲಿ ನಾನು ತುಂಬಾ ಸ್ಟ್ರಿಕ್ಟು, ಹಳೇದ್ರಲ್ಲಿ ಕೆಪಾಸಿಟರ್ ಸೊರಗಿರುತ್ತೆ, ಅದು ಹೋಗೋವಾಗ ಬೋರ್ಡನ್ನೂ ಜೊತೆಗೆ ಕರ್ಕೊಂಡು ಹೋಗೋ ಚಾನ್ಸ್ ಇರುತ್ತೆ.

ಜೋಡಿಸಿದ್ದು ಎಕ್ಸಾಮ್ ವಾರದಲ್ಲಿ, ಹಾಸ್ಟೆಲ್ ರೂಮಲ್ಲಿ. ನನ್ನ ರೂಮ್‌ಮೇಟ್ ಗೌಡ, ಮದ್ದೂರ್ ಕಡೆಯವನು, ಅವನ ಲ್ಯಾಪ್‌ಟಾಪ್ ಬೋರ್ಡ್ ಸತ್ತೋಗಿತ್ತು, ರಿಪೇರಿಗೆ ಕೇಳಿದ ದುಡ್ಡಲ್ಲಿ ಹೆಚ್ಚುಕಮ್ಮಿ ಈ ಇಡೀ ಸಿಸ್ಟಮ್ಮೇ ಬರ್ತಿತ್ತು, ಥಿಯರಿ ಮುಗಿದ ತಕ್ಷಣ ಲ್ಯಾಬ್ ಎಕ್ಸಾಮ್ ಬೇರೆ, ಪ್ರೋಗ್ರಾಮ್ ಓಡಿಸಿ ನೋಡ್ಕೊಳ್ಳೋಕೆ ಒಂದು ಮಿಷಿನ್ ಬೇಕೇ ಬೇಕಿತ್ತು. "ಮ್ಯಾತ್ಸ್ ಪೇಪರ್ ನಾಳಿದ್ದು ಕಣ್ಲಾ, ಇವತ್ತು ರಾತ್ರಿ ಕೂತ್ರೆ ಆಯ್ತದೆ" ಅಂದ. ಮಂಚದ ಮೇಲೆ ಪೇಪರ್ ಹಾಸಿ ಕೂತ್ವಿ.

ಆನ್ ಮಾಡಿದ್ರೆ ಫ್ಯಾನ್ ತಿರುಗ್ತಿದೆ, ಡಿಸ್‌ಪ್ಲೇ ಇಲ್ಲ. ಹಳೇ ಪಾರ್ಟ್ಸ್ ತಗೊಳೋರಿಗೆ ಇದು ಬಂದೇ ಬರುತ್ತೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಗೌಡ ಬೋರ್ಡಿಗೆ ಚುಕ್ಕಿ ಗಾತ್ರದ ಒಂದು ಬೀಪ್ ಸ್ಪೀಕರ್ ಹಾಕಿ, ಎರಡೂ ರ‍್ಯಾಮ್ ಕಿತ್ತು ಆನ್ ಮಾಡಿದ. ಬೀಪ್ ಬಂತು. ರ‍್ಯಾಮೇ ಇಲ್ಲದೆ ಬೀಪ್ ಬಂತು ಅಂದ್ರೆ ಪ್ರೊಸೆಸರ್ರು, ಬೋರ್ಡು ಜೀವಂತ ಇವೆ, ರ‍್ಯಾಮ್ ಇಲ್ಲ ಅಂತ ಅವೇ ದೂರು ಹೇಳ್ತಿವೆ ಅಂತ ಅರ್ಥ. ಎಷ್ಟು ಸಲ ಬೀಪ್ ಆದ್ರೆ ಏನು ಅನ್ನೋದು ಬಯಾಸ್ ಕಂಪನಿ ಮೇಲೆ ಬೇರೆ ಬೇರೆ ಇರುತ್ತೆ, ಆದ್ರೆ ಏನೂ ಸದ್ದೇ ಇಲ್ಲ ಅಂದ್ರೆ ಆಗ ಬೋರ್ಡ್ ಮೇಲೆ ಅನುಮಾನ ಪಡ್ಬೇಕು.

ಆಮೇಲೆ ಒಂದೊಂದೇ ರ‍್ಯಾಮ್ ಹಾಕಿ ನೋಡಿದ್ವಿ. ಮೊದಲನೇದಕ್ಕೆ ಡಿಸ್‌ಪ್ಲೇ ಬಂತು, ಎರಡನೇದಕ್ಕೆ ಇಲ್ಲ. ಎರಡನೇದರ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಮಂಕಾಗಿತ್ತು, ಪೆನ್ಸಿಲ್ ಅಳಿಸೋ ರಬ್ಬರಲ್ಲಿ ಮೆತ್ತಗೆ ಉಜ್ಜಿದ್ರೆ ರಬ್ಬರಿಗೆ ಕಪ್ಪು ಗೀರು ಅಂಟ್ಕೊಂತು, ಪುಡಿ ಊದಿ ಹಾಕಿದ್ವಿ, ಈ ಸಲ ಅದಕ್ಕೂ ಡಿಸ್‌ಪ್ಲೇ ಬಂತು. ತುಂಬಾ ಜನ ಇಲ್ಲಿಗೇ ನಿಲ್ಲಿಸ್ತಾರೆ. ನಿಲ್ಲಿಸ್ಬೇಡಿ. ಡಿಸ್‌ಪ್ಲೇ ಬರೋಕೆ ರ‍್ಯಾಮ್‌ನ ಸ್ವಲ್ಪ ಭಾಗ ಸರಿ ಇದ್ರೂ ಸಾಕು, ಮಿಕ್ಕಿದ್ದು ಹಾಳಾಗಿದ್ರೆ ವಿಂಡೋಸ್ ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುತ್ತೆ, ಕಾಪಿ ಮಾಡಿದ ಫೈಲ್ ಕೆಡುತ್ತೆ, ನೀವು ಎಸ್‌ಎಸ್‌ಡಿನ ಬೈತಾ ಕೂರ್ತೀರ.

ಪೆನ್‌ಡ್ರೈವಲ್ಲಿ ರ‍್ಯಾಮ್ ಪೂರ್ತಿ ಚೆಕ್ ಮಾಡೋ ಮೆಮ್‌ಟೆಸ್ಟ್86+ ಹಾಕಿ ಬೂಟ್ ಮಾಡಿ ಬಿಟ್ವಿ. ಅದು ಓಡೋಕೆ ಟೈಮ್ ತಗೊಳುತ್ತೆ, ಅಷ್ಟರಲ್ಲಿ ಗೌಡ ಲ್ಯಾಪ್ಲಾಸ್ ಸೂತ್ರಗಳನ್ನ ಜೋರಾಗಿ ಓದ್ತಿದ್ದ, ನಾನು ಒಂದು ಕಣ್ಣು ಸ್ಕ್ರೀನ್ ಮೇಲೆ ಇಟ್ಕೊಂಡು ಬರ್ಕೊಳ್ತಿದ್ದೆ. ಮೊದಲನೇ ರ‍್ಯಾಮ್ ಕ್ಲೀನಾಗಿ ಪಾಸ್. ಎರಡನೇದು ಸ್ವಲ್ಪ ಹೊತ್ತು ಸುಮ್ನಿದ್ದು, ಆಮೇಲೆ ಕೆಂಪು ಸಾಲುಗಳು ಬರೋಕೆ ಶುರು. ಅದನ್ನೇ ಪಕ್ಕದ ಸ್ಲಾಟಿಗೆ ಹಾಕಿದ್ರೂ ಕೆಂಪು, ಒಳ್ಳೇ ರ‍್ಯಾಮ್ ಎರಡೂ ಸ್ಲಾಟಲ್ಲಿ ಸರಿ. ಅಲ್ಲಿಗೆ ಸ್ಲಾಟ್ ತಪ್ಪಲ್ಲ, ರ‍್ಯಾಮಿಂದೇ ತಪ್ಪು ಅಂತ ಖಾತ್ರಿ ಆಯ್ತು. ಮೆಮ್‌ಟೆಸ್ಟಲ್ಲಿ ಒಂದೇ ಒಂದು ಎರರ್ ಬಂದ್ರೂ ಅದನ್ನ ಇಟ್ಕೋಬಾರ್ದು, "ಒಂದೇ ತಾನೆ" ಅನ್ನೋ ಲೆಕ್ಕ ಇಲ್ಲಿಲ್ಲ. ಕೆಂಪು ಸ್ಕ್ರೀನಿದೂ ರ‍್ಯಾಮ್ ಮೇಲಿನ ಸ್ಟಿಕ್ಕರಿಂದೂ ಒಂದೇ ಫೋಟೋದಲ್ಲಿ ಬರೋ ಹಾಗೆ ತೆಗೆದು ಅಂಗಡಿಗೆ ಹೋದ್ವಿ. "ಡಿಸ್‌ಪ್ಲೇ ಬರ್ತದಲ್ಲಪ್ಪ" ಅಂದ್ರು ಮೊದಲು, ಫೋಟೋ ನೋಡಿ ಮಾತಾಡ್ದೆ ಬೇರೆ ಕೊಟ್ರು. ಅದನ್ನೂ ರಾತ್ರಿ ಪೂರ್ತಿ ಓಡಿಸಿದ ಮೇಲೇ ಸಿಸ್ಟಮ್ ಇನ್‌ಸ್ಟಾಲ್ ಮಾಡಿದ್ದು. ಲ್ಯಾಬ್ ಎಕ್ಸಾಮಿಗೆ ಮುಂಚೆ ಗೌಡ ಎಲ್ಲಾ ಪ್ರೋಗ್ರಾಮೂ ಇದರಲ್ಲೇ ಓಡಿಸ್ಕೊಂಡ.

ಅವತ್ತಿಂದ ಇವತ್ತಿನವರೆಗೂ ಒಂದು ದಿನವೂ ತಾನಾಗೇ ರೀಸ್ಟಾರ್ಟ್ ಆಗಿಲ್ಲ, ಹ್ಯಾಂಗೂ ಆಗಿಲ್ಲ. ಮಧ್ಯೆ ಒಂದ್ಸಲ ಪ್ರತಿ ಬೆಳಗ್ಗೆ ಟೈಮ್ ಹಿಂದಕ್ಕೆ ಹೋಗ್ತಿತ್ತು, ಬ್ರೌಸರಲ್ಲಿ ಯಾವ ಸೈಟ್ ತೆಗೆದ್ರೂ ಸರ್ಟಿಫಿಕೇಟ್ ಎರರ್. ಬೋರ್ಡ್ ಮೇಲಿನ ಸಿಆರ್2032 ನಾಣ್ಯದ ಸೆಲ್ ಮುಗಿದಿತ್ತು, ಬದಲಾಯಿಸಿದ ಮೇಲೆ ಸರಿ.

ಮಿತಿ ಅಂದ್ರೆ, 2013ರ ಪ್ರೊಸೆಸರ್ ಇದು, ವಿಂಡೋಸ್ 11 ಅಫಿಷಿಯಲ್ಲಾಗಿ ಇದಕ್ಕಿಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್‌ಗೆ ಮುಗೀತು. ನಾವೀಗ ಲಿನಕ್ಸ್ ಮಿಂಟ್ ಹಾಕ್ಕೊಂಡಿದ್ದೀವಿ, ಕೋಡಿಂಗು, ರಿಪೋರ್ಟು, ವಿಡಿಯೋ ಎಲ್ಲಾ ಆರಾಮಾಗಿ ಆಗುತ್ತೆ. ವರ್ಚುವಲ್ ಮಿಷಿನ್ ಓಪನ್ ಮಾಡಿ ಜೊತೆಗೆ ಹತ್ತು ಟ್ಯಾಬ್ ತೆಗೆದ್ರೆ 8 ಜಿಬಿ ಸಾಲಲ್ಲ. ಬೋರ್ಡಲ್ಲಿ ಇರೋದೇ ಎರಡು ಸ್ಲಾಟ್, 16ಕ್ಕಿಂತ ಮೇಲೆ ಹೋಗಲ್ಲ, ಹಾಗಾಗಿ ಈಗ 8 ಜಿಬಿದು ಎರಡು ಹುಡುಕ್ತಿದ್ದೀವಿ, ಪೆನ್‌ಡ್ರೈವ್ ಜೇಬಲ್ಲೇ ಇದೆ.