₹100+₹10 ಮತ್ತು ₹100+₹4: ಯಾವುದು ಅಗ್ಗ?

ಇದು ಹಳೆಯ ಲೆಕ್ಕ. 2025ರ ಆಗಸ್ಟ್‌ನಲ್ಲಿ ಬಂದ ಕಾನೂನು ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಅದಕ್ಕೂ ಮುಂಚೆ ಒಂದೇ ಸೈಟಿನಲ್ಲಿ ಎರಡು ಥರದ ಪೋಕರ್ ಸಿಟ್ ಅಂಡ್ ಗೋಗಳನ್ನು, ಅಂದರೆ ಜನ ಭರ್ತಿಯಾದ ಕೂಡಲೇ ಶುರುವಾಗುವ ಚಿಕ್ಕ ಟೂರ್ನಮೆಂಟ್‌ಗಳನ್ನು, ತಲಾ 200 ಸಲ ಆಡಿ, ನೋಟ್‌ಬುಕ್‌ನಲ್ಲಿ ಬರೆದಿಟ್ಟಿದ್ದೆ.

ಎರಡರಲ್ಲೂ ಒಂಬತ್ತು ಜನ. ಪ್ರತಿಯೊಬ್ಬರ ₹100 ಬಹುಮಾನಕ್ಕೆ ಹೋಗುತ್ತಿತ್ತು. ಒಟ್ಟು ₹900, ಮೊದಲ ಮೂವರಿಗೆ ₹450, ₹270, ₹180. ಅದರ ಮೇಲಿನದು ಸೈಟಿನ ಶುಲ್ಕ, ಅಂದರೆ ರೇಕ್. ಮಾಮೂಲಿ ಆಟಕ್ಕೆ ₹10, ಬೇಗ ಮುಗಿಯುವ ಹೈಪರ್ ಟರ್ಬೊಗೆ ₹4.

ಮಾಮೂಲಿ ಆಟದಲ್ಲಿ ₹22,000 ಹಾಕಿದ್ದೆ, ₹22,320 ವಾಪಸ್ ಬಂತು. ₹320 ಲಾಭ. ಮೊದಲು ಖುಷಿಯಾಯಿತು. ಆಮೇಲೆ ಶುಲ್ಕ ಬಿಟ್ಟು ನೋಡಿದೆ: ಬೇರೆ ಆಟಗಾರರಿಂದ ನಾನು ಗೆದ್ದಿದ್ದು ₹2,320, ಅದರಲ್ಲಿ ₹2,000 ಸೈಟಿಗೆ ಹೋಗಿದೆ. ಒಂದು ಆಟಕ್ಕೆ ಸುಮಾರು 50 ನಿಮಿಷ. ಗಂಟೆಗೆ ₹2 ಕೂಡ ಬರಲಿಲ್ಲ!

ಹೈಪರ್‌ನಲ್ಲಿ ₹20,800 ಹಾಕಿ ₹20,700 ಪಡೆದೆ. ಶುಲ್ಕಕ್ಕೆ ಮುಂಚೆ ₹700 ಮುಂದಿದ್ದೆ, ಶುಲ್ಕ ₹800. ರೇಕ್ ಅರ್ಧಕ್ಕಿಂತ ಕಮ್ಮಿ ಇದ್ದರೂ ಸೋತೆ. ಕಾರಣ ಆಟದ ಸ್ವರೂಪದಲ್ಲೇ ಇದೆ. ಚಿಪ್ಸ್ ಕಮ್ಮಿ, ಎಲೆ ನೋಡುವ ಮುಂಚೆಯೇ ಸರದಿ ಪ್ರಕಾರ ಇಡಲೇಬೇಕಾದ ಚಿಪ್ಸ್, ಅಂದರೆ ಬ್ಲೈಂಡ್, ಮೂರು ನಿಮಿಷಕ್ಕೊಮ್ಮೆ ಏರುತ್ತದೆ. ಸ್ವಲ್ಪ ಹೊತ್ತಿಗೇ ಎಲ್ಲರೂ ಇರುವ ಚಿಪ್ಸನ್ನೆಲ್ಲ ಇಟ್ಟು ಆಲ್-ಇನ್ ಹೋಗುವುದು, ಇಲ್ಲ ಎಲೆ ಬಿಡುವುದು, ಇಷ್ಟೇ. ಚೆನ್ನಾಗಿ ಆಡುವವರಿಗೂ ಅಲ್ಲಿ ಕೈಚಳಕ ತೋರಿಸಲು ಜಾಗ ಕಮ್ಮಿ.

ನನಗೆ ತಡವಾಗಿ ಹೊಳೆದಿದ್ದು ಇನ್ನೊಂದು. ಹೈಪರ್ 12 ನಿಮಿಷದಲ್ಲಿ ಮುಗಿಯುತ್ತದೆ. ಗಂಟೆಗೆ ಐದು ಆಟ, ₹20 ಶುಲ್ಕ. ಮಾಮೂಲಿ ಆಟದಲ್ಲಿ ಗಂಟೆಗೆ ₹12. ಅಗ್ಗ ಅಂತ ಅಂದುಕೊಂಡಿದ್ದೇ ದುಬಾರಿ, ಅಲ್ವಾ?

ಹಾಗಂತ ನನ್ನ 200 ಆಟ ಯಾವುದನ್ನೂ ಸಾಬೀತು ಮಾಡುವುದಿಲ್ಲ. ಒಂದು ಮೊದಲ ಸ್ಥಾನ ತಪ್ಪಿದ್ದರೆ ಆ ₹320 ಲಾಭ ₹130 ನಷ್ಟವಾಗುತ್ತಿತ್ತು. ಗೆಲುವು ಹೀಗೆ ಅದೃಷ್ಟದ ಜೊತೆ ಏರಿಳಿಯುತ್ತದೆ. ಶುಲ್ಕ ಮಾತ್ರ ಪ್ರತಿ ಆಟಕ್ಕೂ ಅಷ್ಟೇ. ಸಾವಿರಾರು ಆಟಗಳಲ್ಲಿ ಅದೃಷ್ಟ ಸರಿದೂಗಿಕೊಂಡು ಹೋದರೂ ಶುಲ್ಕ ಸುಮ್ನೆ ಕೂಡುತ್ತಾ ಹೋಗುತ್ತದೆ. ₹110ರ ಆಟದಲ್ಲಿ ಕೈ ಸುಡದಿರಬೇಕಾದರೆ ಸರಾಸರಿ ಆಟಗಾರನಿಗಿಂತ 10% ಜಾಸ್ತಿ ಗೆಲ್ಲಲೇಬೇಕು, ₹104ರದ್ದರಲ್ಲಿ 4%.

ದೊಡ್ಡ ಟೂರ್ನಮೆಂಟ್‌ಗಳ ರೀ-ಎಂಟ್ರಿಯನ್ನೂ ಸ್ವಲ್ಪ ದಿನ ಆಡಿದೆ. ₹500+₹50ರ ಆಟದಿಂದ ಹೊರಬಿದ್ದು ಮತ್ತೆ ಸೇರಿದರೆ ಆ ₹50 ಮತ್ತೆ ಕೊಡಬೇಕಿತ್ತು. ಮೂರು ಸಲ ಸೇರಿದ ಒಂದು ರಾತ್ರಿ ನನ್ನ ಶುಲ್ಕವೇ ₹150, ಬಹುಮಾನ ಸೊನ್ನೆ.

2023ರ ಅಕ್ಟೋಬರ್ 1ರಿಂದ ಹಾಕುವ ಹಣದ ಮೇಲೇ 28% ಜಿಎಸ್‌ಟಿ ಬಂತು. ₹1,000 ಹಾಕಿದರೆ ಆಟಕ್ಕೆ ಉಳಿಯುತ್ತಿದ್ದುದು ಸುಮಾರು ₹781. ಕೆಲವು ದಿನ ಸೈಟು ಬೋನಸ್ ಕೊಟ್ಟು ಅದನ್ನು ತುಂಬಿತು. ನನ್ನ ನೋಟ್‌ಬುಕ್ಕಿನ ಕೊನೆಯ ಸಾಲು ಆ ತಿಂಗಳಿನದು.